25 ಪಟ್ಟು ಎಲ್ಲರಿಗೂ ಸಾಕಾಗುವುದಿಲ್ಲ

"ವರ್ಷದ ಖರ್ಚಿನ 25 ಪಟ್ಟು ಕೂಡಿಟ್ಟರೆ ಕೆಲಸ ಬಿಡಬಹುದು ಅಂತಾರೆ. ನನಗೆ ನಿಜವಾಗಿ ಎಷ್ಟು ಸಾಕು ಅಂತ ಹೇಗೆ ಗೊತ್ತು ಮಾಡಿಕೊಳ್ಳಲಿ?"

ಮೊದಲು ನಿಮ್ಮ ಒಂದೊಂದು ಖರ್ಚಿನ ಎದುರೂ ಅದು ಇನ್ನೆಷ್ಟು ವರ್ಷ ಇರುತ್ತದೆ ಅಂತ ಬರೆಯಿರಿ. ನಾನು ಯಾರಿಗೇ ಲೆಕ್ಕ ಹಾಕಿಕೊಟ್ಟರೂ ಇಲ್ಲಿಂದಲೇ ಶುರು ಮಾಡುತ್ತೇನೆ.

25 ಪಟ್ಟಿನ ಮೂಲ ಇರುವುದು ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ. ಮೊದಲ ವರ್ಷ ಗಂಟಿನ ಸುಮಾರು 4%, ಅಂದರೆ 25ರಲ್ಲಿ ಒಂದು ಪಾಲು ತೆಗೆದು, ಆಮೇಲೆ ಬೆಲೆ ಏರಿದಷ್ಟೇ ಹೆಚ್ಚಿಸುತ್ತಾ ಹೋದರೆ 30 ವರ್ಷ ದುಡ್ಡು ಬರುತ್ತದೆ ಅಂತ ಅವರು ಅಲ್ಲಿನ ಷೇರು, ಬಾಂಡ್‌ಗಳ ಹಳೆಯ ದಾಖಲೆಯಿಂದ ಕಂಡುಕೊಂಡರು. ಅದು ಒಂದೇ ದೇಶದ ಅನುಭವ. 45ಕ್ಕೆ ಕೆಲಸ ಬಿಡುವವರಿಗೆ 30 ವರ್ಷ ಸಾಲದೇ ಹೋಗಬಹುದು. ಅದಕ್ಕೇ ನಾನು ಕೊನೆತನಕ ಇರುವ ಖರ್ಚಿಗೆ ಮಾತ್ರ 33 ಪಟ್ಟು ಹಿಡಿಯುತ್ತೇನೆ, ಅಂದರೆ ಮೊದಲ ವರ್ಷ ಸುಮಾರು 3% ಮಾತ್ರ ತೆಗೆಯುವ ಲೆಕ್ಕ.

ಇಬ್ಬರಿದ್ದಾರೆ ಅಂದುಕೊಳ್ಳಿ. ಲೆಕ್ಕಕ್ಕೆ ಸುಲಭವಾಗಲಿ ಅಂತ ಇಬ್ಬರಿಗೂ ತಿಂಗಳಿಗೆ 100 ಖರ್ಚು ಅನ್ನೋಣ, ವರ್ಷಕ್ಕೆ 1,200. 25 ಪಟ್ಟಿನ ಸೂತ್ರದ ಪ್ರಕಾರ ಇಬ್ಬರಿಗೂ 30,000 ಸಾಕು.

ಮೊದಲನೆಯವರ 100ರಲ್ಲಿ 35 ಮನೆ ಸಾಲದ ಕಂತು, ಇನ್ನು 8 ವರ್ಷ. 20 ಮಕ್ಕಳ ಓದಿಗೆ, ಇನ್ನು 10 ವರ್ಷ. ಉಳಿದ 45 ಕೊನೆತನಕ ಇರುತ್ತದೆ. ಇದಕ್ಕೆ ತಿಂಗಳ ಲೆಕ್ಕದಲ್ಲಿ ಕಾಣದ ಖರ್ಚು ಸೇರಿಸಬೇಕು: ಮನೆ ರಿಪೇರಿ, ಹೊಸ ವಾಹನ, ಆಸ್ಪತ್ರೆ. ಜಾಸ್ತಿ ಜನ ಮರೆಯುವುದು ಇದನ್ನೇ. ಅದಕ್ಕೆ 10 ಇಡೋಣ. ಈಗ ಖಾಯಂ ಖರ್ಚು 55, ವರ್ಷಕ್ಕೆ 660, ಅದರ 33 ಪಟ್ಟು 21,780. ಸಾಲಕ್ಕೆ 3,360, ಓದಿಗೆ 2,400. ಒಟ್ಟು 27,540. ಸಾಲ ಮತ್ತು ಓದಿನ ದುಡ್ಡನ್ನು ಷೇರಿನಲ್ಲಿ ಇಡಬೇಡಿ. ಬೆಲೆ ಏರಿಕೆಯಷ್ಟಾದರೂ ಬಡ್ಡಿ ಬರುವ ಠೇವಣಿಯಲ್ಲಿ ಬೇರೆಯಾಗಿ ಇಡಿ. ಓದಿನ ಫೀಸು ಅದಕ್ಕಿಂತ ಬೇಗ ಏರುವಂತಿದ್ದರೆ 2,400 ಸಾಲದು, ಸ್ವಲ್ಪ ಹೆಚ್ಚು ಹಿಡಿಯಿರಿ.

ಎರಡನೆಯವರದು ಬಾಡಿಗೆ ಮನೆ. ಸಾಲವಿಲ್ಲ, ಓದುವ ಮಕ್ಕಳಿಲ್ಲ. ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಅವರ 100 ಪೂರ್ತಿ ಕೊನೆತನಕ ಇರುವಂಥದ್ದು. 10 ಸೇರಿಸಿದರೆ ತಿಂಗಳಿಗೆ 110, ಅಂದರೆ 43,560 ಬೇಕು. ಸೂತ್ರ ನಂಬಿ 30,000ಕ್ಕೆ ಕೆಲಸ ಬಿಟ್ಟರೆ ಇವರು ವರ್ಷಕ್ಕೆ 4.4% ತೆಗೆಯುತ್ತಾರೆ. ಅದೂ ಎಂದೂ ಇಳಿಯದ ಖರ್ಚಿಗೆ.

ನಿಮ್ಮ ಸ್ವಂತ ಮನೆಯ ಬೆಲೆಯನ್ನು ಗಂಟಿಗೆ ಸೇರಿಸಬೇಡಿ. ಅಲ್ಲೇ ವಾಸ ಇರುವಷ್ಟು ದಿನ ಅದರಿಂದ ಖರ್ಚಿಗೆ ದುಡ್ಡು ಬರುವುದಿಲ್ಲ. ಮನೆ ತೆರಿಗೆಯನ್ನು ಮಾತ್ರ ಮರೆಯದೆ ಖರ್ಚಿನಲ್ಲಿ ಸೇರಿಸಿ.

ಮೊತ್ತ ಕೈಗೆಟುಕದಷ್ಟು ದೊಡ್ಡದು ಅನ್ನಿಸಿದರೆ ಖಾಯಂ ಖರ್ಚನ್ನೇ ನೋಡಿ. ತಿಂಗಳಿಗೆ 10 ಕಡಿಮೆಯಾದರೆ ಬೇಕಾದ ಗಂಟು 3,960 ಇಳಿಯುತ್ತದೆ. ಅದೇ 10ನ್ನು 5 ವರ್ಷ ಅರೆಕಾಲಿಕ ಕೆಲಸದಿಂದ ದುಡಿದರೆ ಕಾಗದದ ಮೇಲೆ ಇಳಿಯುವುದು 600 ಮಾತ್ರ. ಆದರೂ ಆ ದುಡಿಮೆಗೆ ಬೆಲೆ ಇದೆ. ಕೆಲಸ ಬಿಟ್ಟ ಮೊದಲ ವರ್ಷಗಳಲ್ಲೇ ಮಾರುಕಟ್ಟೆ ಕುಸಿದರೆ, ಬಿದ್ದ ಬೆಲೆಗೆ ಷೇರು ಮಾರುವುದು ಅಷ್ಟು ಕಡಿಮೆಯಾಗುತ್ತದೆ.