ಮುಖ ಬದಲಿಸಿದ ಮೇಲೆ ಹಣೆಯ ಮೇಲಿನ ಕ್ಯಾಪ್ ನೆರಳನ್ನು ಸರಿಮಾಡುವುದು ಹೇಗೆ?

"ಬಿಸಿಲಲ್ಲಿ ಕ್ಯಾಪ್ ಹಾಕಿಕೊಂಡು ತೆಗೆದ ಫೋಟೋ. ಕಣ್ಣು ಮುಚ್ಚಿಹೋಗಿತ್ತು ಅಂತ ಅದೇ ವ್ಯಕ್ತಿಯ ಕ್ಯಾಪ್ ಇಲ್ಲದ ಫೋಟೋದಿಂದ ಮುಖ ತಂದು ಫೋಟೋಶಾಪ್‌ನಲ್ಲಿ ಕೂರಿಸಿದೆ. ಈಗ ಹಣೆ ಮೇಲಿನ ನೆರಳು ಮಸಿ ಬಳಿದ ಹಾಗೆ ಕಾಣ್ತಿದೆ. ಏನು ಮಾಡಲಿ?"

ನೀವು ಬಹುಶಃ Edit > Auto-Blend Layers ಬಳಸಿದ್ದೀರಿ. ಅದರಲ್ಲಿ Seamless Tones and Colors ಆನ್ ಇದ್ದರೆ, ಅದು ಅಂಚಿನಲ್ಲಿ ಎರಡು ಫೋಟೋಗಳ ಬಣ್ಣವನ್ನು ಹೊಂದಿಸಿ, ವ್ಯತ್ಯಾಸವನ್ನು ಮುಖದ ಒಳಗೆ ಮೆಲ್ಲಗೆ ಹರಡುತ್ತದೆ. ಮೈಬಣ್ಣ ಸ್ವಲ್ಪ ಬೇರೆ ಇದ್ದಾಗ ಇದು ಒಳ್ಳೆಯದೇ. ಆದರೆ ಇಲ್ಲಿ ಅಂಚಿನ ಮೇಲ್ಭಾಗ ನೆರಳಿನಲ್ಲಿದೆ, ಕೆಳಭಾಗ ಬಿಸಿಲಿನಲ್ಲಿದೆ. ನೆರಳಿನ ಕಪ್ಪನ್ನೂ ಅದು ಮೈಬಣ್ಣ ಅಂದುಕೊಂಡು ಕೆಳಕ್ಕೆ ಇಳಿಸಿಬಿಡುತ್ತದೆ. ಆ ಮಸಿ ಅದೇ.

ಮೊದಲು ಹಳೆಯ ಫೋಟೋದಲ್ಲಿ ನೆರಳು ಎಲ್ಲಿ ಮುಗಿಯುತ್ತದೆ ನೋಡಿ. ಹುಬ್ಬಿಗಿಂತ ಮೇಲೆಯೇ ಮುಗಿದರೆ ಕೆಲಸ ತುಂಬಾ ಸುಲಭ. ಹಣೆಯನ್ನು ಬದಲಿಸಲೇಬೇಡಿ. ನಿಮಗೆ ಬೇಕಿರುವುದು ಕಣ್ಣು ಅಲ್ವಾ? ಲೇಯರ್ ಮಾಸ್ಕನ್ನು ನೆರಳಿನ ಗೆರೆಯ ಉದ್ದಕ್ಕೂ ಕತ್ತರಿಸಿ. ಅಲ್ಲಿ ಹೇಗೂ ಬೆಳಕು ಕತ್ತಲೆಯ ಗೆರೆ ಇರುವುದರಿಂದ ಜೋಡಿಸಿದ ಗುರುತು ಯಾರ ಕಣ್ಣಿಗೂ ಬೀಳುವುದಿಲ್ಲ.

ನೆರಳು ಕಣ್ಣಿನವರೆಗೂ ಇಳಿದಿದ್ದರೆ ಅದನ್ನು ಹೊಸದಾಗಿಯೇ ಕಟ್ಟಬೇಕು. ಮುಖ ಕೂರಿಸುವ ಮೊದಲೇ ಹಳೆಯ ಫೋಟೋದ ನೆರಳಿನ ಗೆರೆಯನ್ನು ಪೆನ್ ಟೂಲ್‌ನಿಂದ ಎಳೆದು ಪಾತ್ ಆಗಿ ಉಳಿಸಿಕೊಳ್ಳಿ. ಆಮೇಲೆ ಹೊಸ ಮುಖವನ್ನು ಬಿಸಿಲು ಬಿದ್ದ ಕೆನ್ನೆಯ ಬಣ್ಣಕ್ಕೆ ಹೊಂದಿಸಿ, ಸಾದಾ ಮಾಸ್ಕ್‌ನಿಂದ ಕೂರಿಸಿ. ಈ ಹಂತದಲ್ಲಿ ನೆರಳು ಇರಲೇಬಾರದು.

ಈಗ ನೆರಳಿನ ಬಣ್ಣ. ಕಪ್ಪು ಬ್ರಷ್ ಹಿಡಿಯಬೇಡಿ. ಕ್ಯಾಪ್ ಕೆಳಗೆ ಸೂರ್ಯನ ಬೆಳಕು ಬರದಿದ್ದರೂ ಆಕಾಶದ ಬೆಳಕು ಬರುತ್ತದೆ, ಅದಕ್ಕೇ ಅಲ್ಲಿ ಸ್ವಲ್ಪ ನೀಲಿ ಛಾಯೆ. ಐಡ್ರಾಪರ್ ಅನ್ನು 11 by 11 Average ಗೆ ಇಟ್ಟು, ಹಳೆಯ ಫೋಟೋದಲ್ಲಿ ಕಿವಿಯ ಪಕ್ಕ ನೆರಳಿನ ಗೆರೆಯ ಎರಡೂ ಕಡೆ ಬಣ್ಣ ನೋಡಿ. ಬಿಸಿಲಿನ ಕಡೆ 214, 168, 140 ಮತ್ತು ನೆರಳಿನ ಕಡೆ 104, 86, 80 ಬಂತು ಅನ್ನಿ. ನೆರಳಿನ ಪ್ರತಿ ಅಂಕಿಯನ್ನು ಬಿಸಿಲಿನ ಅಂಕಿಯಿಂದ ಭಾಗಿಸಿ 255ರಿಂದ ಗುಣಿಸಿ. 124, 131, 146 ಸಿಗುತ್ತದೆ. ಕೆಂಪು ಜಾಸ್ತಿ ಇಳಿದಿದೆ, ನೀಲಿ ಕಡಿಮೆ ಇಳಿದಿದೆ, ನೋಡಿ. ಇದೇ ಬಣ್ಣದ ಒಂದು Solid Color ಲೇಯರ್ ಹಾಕಿ ಬ್ಲೆಂಡ್ ಮೋಡ್ Multiply ಮಾಡಿ, ಮುಖದ ಲೇಯರ್‌ಗೆ ಕ್ಲಿಪ್ ಮಾಡಿ. ಉಳಿಸಿಕೊಂಡ ಪಾತ್‌ನಿಂದ ಮಾಸ್ಕ್ ಮಾಡಿ. ಅಕ್ಕಪಕ್ಕದ ಹಳೆಯ ನೆರಳಿಗೆ ಅದು ಸರಿಯಾಗಿ ಕೂಡಿಕೊಳ್ಳುತ್ತದೆ.

ಹೆಚ್ಚಿನವರು ಕೆಡಿಸುವುದು ಅಂಚಿನಲ್ಲಿ. ಸುಮ್ನೆ 30 ಪಿಕ್ಸೆಲ್ ಫೆದರ್ ಕೊಟ್ಟುಬಿಡುತ್ತಾರೆ, ಮತ್ತೆ ಮಸಿಯೇ ಆಗುತ್ತದೆ. ಸೂರ್ಯ ನಮಗೆ ಸುಮಾರು ಅರ್ಧ ಡಿಗ್ರಿಯಷ್ಟೇ ಅಗಲ ಕಾಣುತ್ತಾನೆ. ಹಾಗಾಗಿ ನೆರಳಿನ ಮಸುಕು ಅಂಚು, ಕ್ಯಾಪ್ ತುದಿಯಿಂದ ಚರ್ಮಕ್ಕಿರುವ ದೂರದ ನೂರರಲ್ಲಿ ಒಂದು ಪಾಲಿನಷ್ಟು. ಆ ದೂರ 10 ಸೆಂಟಿಮೀಟರ್ ಇದ್ದರೆ ಅಂಚು 1 ಮಿಲಿಮೀಟರ್. 14 ಸೆಂಟಿಮೀಟರ್ ಅಗಲದ ಮುಖ ನಿಮ್ಮ ಫೋಟೋದಲ್ಲಿ 700 ಪಿಕ್ಸೆಲ್ ಇದ್ದರೆ, ಅದು ಬರೀ 5 ಪಿಕ್ಸೆಲ್. ಚರ್ಮದೊಳಗೆ ಬೆಳಕು ಸ್ವಲ್ಪ ಹರಡುವುದರಿಂದ ಒಂದೆರಡು ಪಿಕ್ಸೆಲ್ ಜಾಸ್ತಿ ಇರಲಿ. ಕೆಂಪು ಬೆಳಕು ಚರ್ಮದಲ್ಲಿ ಜಾಸ್ತಿ ದೂರ ಹೋಗುತ್ತದೆ, ಅದಕ್ಕೇ ನಿಜವಾದ ನೆರಳಿನ ಅಂಚಿನಲ್ಲಿ ತೆಳುವಾದ ಕೆಂಪು ಇರುತ್ತದೆ. ಹಳೆಯ ಫೋಟೋವನ್ನು ದೊಡ್ಡದು ಮಾಡಿ ನೋಡಿ, ಕಾಣುತ್ತದೆ. ಅದೇ ಅಂಚಿನ ಮೇಲೆ ತುಂಬಾ ಕಡಿಮೆ ಒಪಾಸಿಟಿಯ ಕೆಂಪು ಎಳೆದರೆ ಸಾಕು.

ಗೆರೆ ನೇರವಾಗಿ ಹೋಗುವುದಿಲ್ಲ ಅನ್ನುವುದೂ ನೆನಪಿರಲಿ. ಸೂರ್ಯ ಎದುರಿಗೆ 45 ಡಿಗ್ರಿ ಎತ್ತರದಲ್ಲಿದ್ದರೆ, 7 ಸೆಂಟಿಮೀಟರ್ ಮುಂದೆ ಚಾಚಿದ ಕ್ಯಾಪಿನ ನೆರಳು ತನ್ನ ಅಂಚಿನಿಂದ 7 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಮೂಗು ಮುಂದೆ ಚಾಚಿರುವುದರಿಂದ ಅದರ ಮೇಲೆ ಗೆರೆ ಮೇಲಕ್ಕೇರುತ್ತದೆ. ಕಣ್ಣಿನ ಗುಳಿ ಒಳಗಿರುವುದರಿಂದ ಅಲ್ಲಿ ಕೆಳಕ್ಕಿಳಿಯುತ್ತದೆ. ಹೊಸ ಮುಖದಲ್ಲಿ ತಲೆ ಸ್ವಲ್ಪ ಬೇರೆ ಕಡೆ ತಿರುಗಿದ್ದರೆ ಪಾತ್ ಅನ್ನು ಇದಕ್ಕೆ ತಕ್ಕಂತೆ ಎಳೆದು ಸರಿಮಾಡಿ.

ಕೊನೆಗೆ ಕಣ್ಣುಗುಡ್ಡೆ ನೋಡಿ. ಕ್ಯಾಪ್ ಇಲ್ಲದ ಫೋಟೋದಲ್ಲಿ ಆಕಾಶದ ಬಿಳಿ ಹೊಳಪು ಕಣ್ಣಿನ ಮೇಲ್ಭಾಗದಲ್ಲಿ ಇರುತ್ತದೆ. ಕ್ಯಾಪ್ ಅದನ್ನು ಮರೆಮಾಡಬೇಕಿತ್ತು. Multiply ಅದನ್ನು ಮಂಕು ಮಾಡುತ್ತದೆ ಅಷ್ಟೇ, ಅಳಿಸುವುದಿಲ್ಲ. ಕ್ಲೋನ್ ಸ್ಟ್ಯಾಂಪ್‌ನಿಂದ ತೆಗೆದುಬಿಡಿ.

ಇಷ್ಟೆಲ್ಲ ಫಲ ಕೊಡುವುದು ಹೊಸ ಮುಖ ಮೋಡದ ಬೆಳಕಿನಲ್ಲಿ ತೆಗೆದದ್ದಾದರೆ, ಅಥವಾ ಅದೇ ದಿಕ್ಕಿನ ಬಿಸಿಲಿನದ್ದಾದರೆ ಮಾತ್ರ. ಮೂಗಿನ ನೆರಳು ಆ ಕೆನ್ನೆಯ ಬದಲು ಈ ಕೆನ್ನೆಗೆ ಬಿದ್ದಿದ್ದರೆ ಸುಮ್ನೆ ಒದ್ದಾಡಬೇಡಿ, ಬೇರೆ ಫೋಟೋ ಹುಡುಕಿ.