ಡಬಲ್ ಡಿಸೆಂಟ್: ಗಾತ್ರ ಹೇಳಿದಿರಿ, ಕಾರಣ ಹೇಳಲಿಲ್ಲ

“ನಮಸ್ಕಾರ. ಡಬಲ್ ಡಿಸೆಂಟ್ ಬಗ್ಗೆ ಬರೆದ ಲೇಖನ ಕಳಿಸಿದ್ದೇನೆ. ಮಾಡೆಲ್ ಗಾತ್ರ ಹೆಚ್ಚಿಸುತ್ತ ಹೋದರೆ ಟೆಸ್ಟ್ ತಪ್ಪು ಮೊದಲು ಇಳಿದು, ಆಮೇಲೆ ಏರಿ ಶಿಖರ ಮುಟ್ಟಿ, ಮತ್ತೆ ಇಳಿಯುತ್ತದೆ ಎಂಬುದೇ ಈ ಡಬಲ್ ಡಿಸೆಂಟ್. ಡೇಟಾಗಿಂತ ಪ್ಯಾರಾಮೀಟರ್ ಜಾಸ್ತಿಯಾದರೆ ಮಾಡೆಲ್ ಕೆಡುತ್ತದೆ ಎಂಬ ಹಳೆಯ ಸಿದ್ಧಾಂತ ಸುಳ್ಳಾಯಿತು, ಮಾಡೆಲ್ ದೊಡ್ಡದಾದಷ್ಟೂ ಒಳ್ಳೆಯದು ಎಂಬುದು ನನ್ನ ವಾದ. ಪ್ರಕಟಣೆಗೆ ಆಗುತ್ತದೆಯೇ? ಏನು ತಿದ್ದಬೇಕು?”

ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಭಾಷೆಯಲ್ಲಿ ತೊಂದರೆ ಇಲ್ಲ, ಓದಿಸಿಕೊಂಡು ಹೋಗುತ್ತದೆ. ಆದರೆ ಓದುಗರು ಕೇಳುವ ಮೊದಲ ಪ್ರಶ್ನೆ “ಯಾಕೆ ಹೀಗೆ?” ಅಲ್ವಾ? ಅಲ್ಲಿ ನೀವು ಒಂದೇ ಸಾಲು ಬರೆದಿದ್ದೀರಿ: “ದೊಡ್ಡ ನೆಟ್‌ವರ್ಕ್‌ಗೆ ಕಲಿಯುವ ಶಕ್ತಿ ಜಾಸ್ತಿ, ಹಾಗಾಗಿ ತಪ್ಪು ಕಡಿಮೆ.” ಈ ಸಾಲು ನಿಲ್ಲುವುದಿಲ್ಲ. ಚಿಯುವಾನ್ ಝಾಂಗ್ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಚಿತ್ರಗಳ ಲೇಬಲ್‌ಗಳನ್ನು ಮನಬಂದಂತೆ ಬದಲಿಸಿ ಕೊಟ್ಟರೂ ಅದೇ ನೆಟ್‌ವರ್ಕ್ ಎಲ್ಲವನ್ನೂ ಬಾಯಿಪಾಠ ಮಾಡಿತು. ಶಕ್ತಿ ಎರಡೂ ಕಡೆ ಅಷ್ಟೇ ಇತ್ತು. ಸರಿಯಾದ ಲೇಬಲ್ ಇದ್ದಾಗ ಹೊಸ ಚಿತ್ರಗಳನ್ನು ಗುರುತಿಸಿತು, ಸುಳ್ಳು ಲೇಬಲ್ ಇದ್ದಾಗ ಇಲ್ಲ. ಹಾಗಾದರೆ ಕಾರಣ ಬರೀ ಶಕ್ತಿ ಆಗಿರಲು ಸಾಧ್ಯವಿಲ್ಲ.

ಬರೆಯಬೇಕಾದದ್ದು ಆಯ್ಕೆಯ ಬಗ್ಗೆ. ಡೇಟಾಗಿಂತ ಪ್ಯಾರಾಮೀಟರ್ ಜಾಸ್ತಿ ಇದ್ದಾಗ ಟ್ರೈನಿಂಗ್ ಡೇಟಾಗೆ ಪಕ್ಕಾ ಹೊಂದುವ ಉತ್ತರಗಳು ಲೆಕ್ಕವಿಲ್ಲದಷ್ಟು ಇರುತ್ತವೆ. ಅವುಗಳಲ್ಲಿ ಯಾವುದು ಕೈಗೆ ಸಿಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಇದನ್ನು ನ್ಯೂರಲ್ ನೆಟ್‌ವರ್ಕ್‌ನಲ್ಲಿ ತೋರಿಸಲು ಹೋಗಬೇಡಿ, ಲೀನಿಯರ್ ರಿಗ್ರೆಶನ್ ಸಾಕು. ಅಲ್ಲಿ ಗ್ರೇಡಿಯೆಂಟ್ ಡಿಸೆಂಟ್ ಸೊನ್ನೆಯಿಂದ ಹೊರಟರೆ ಪ್ರತಿ ಹೆಜ್ಜೆಯೂ ಡೇಟಾ ಸಾಲುಗಳನ್ನು ಯಾವುದೋ ಸಂಖ್ಯೆಗಳಿಂದ ಗುಣಿಸಿ ಕೂಡಿದ ಮೊತ್ತವೇ ಆಗಿರುತ್ತದೆ, ಅದರಾಚೆಯ ದಿಕ್ಕಿಗೆ ಹೋಗುವುದೇ ಇಲ್ಲ. ಕೊನೆಗೆ ತಲುಪುವುದು, ಪಕ್ಕಾ ಹೊಂದುವ ಉತ್ತರಗಳಲ್ಲೆಲ್ಲ ವೇಟ್‌ಗಳ ವರ್ಗಗಳ ಮೊತ್ತ ಅತಿ ಕಡಿಮೆ ಇರುವ ಒಂದನ್ನು. ಯಾರೂ ಹಾಗೆ ಕೇಳಿರುವುದಿಲ್ಲ, ವಿಧಾನವೇ ಅದನ್ನು ಆರಿಸಿಬಿಡುತ್ತದೆ.

ಓದುಗರಿಗೆ ಒಂದೇ ಒಂದು ಡೇಟಾ ಬಿಂದು ಕೊಡಿ. ನಿಜವಾದ ವೇಟ್ 1, ಫೀಚರ್‌ನ ಬೆಲೆ 0.1, ನಾಯ್ಸ್ 0.5. ಅಂದರೆ ಕಾಣುವ ಉತ್ತರ 0.6. ಫೀಚರ್ ಒಂದೇ ಇದ್ದರೆ ಹೊಂದಿಸಲು ಇರುವುದು ಒಂದೇ ದಾರಿ, ವೇಟ್ 6 ಆಗಬೇಕು. 1 ಇರಬೇಕಾದ ಕಡೆ 6! ನಾಯ್ಸನ್ನು ನುಂಗಲು ಬೇರೆ ಜಾಗವೇ ಇಲ್ಲ, ಪಾಪ ಆ ಒಂದು ವೇಟ್ ಊದಿಕೊಂಡಿತು. ಗ್ರಾಫ್‌ನಲ್ಲಿ ಕಾಣುವ ಶಿಖರ ಅಂದರೆ ಇದೇ.

ಈಗ ಇದಕ್ಕೆ ಸಂಬಂಧವೇ ಇಲ್ಲದ 24 ಫೀಚರ್ ಸೇರಿಸಿ, ಪ್ರತಿಯೊಂದರ ಬೆಲೆ +1 ಅಥವಾ -1. ವೇಟ್‌ಗಳ ವರ್ಗಗಳ ಮೊತ್ತ ಅತಿ ಕಡಿಮೆ ಇರುವ ಉತ್ತರದಲ್ಲಿ ಈ 24ಕ್ಕೂ ಸುಮಾರು ±0.025ರಷ್ಟು ವೇಟ್ ಬರುತ್ತದೆ. ಟ್ರೈನಿಂಗ್ ತಪ್ಪು ಈಗಲೂ ಸೊನ್ನೆ, 0.6 ಪೂರ್ತಿ ಬಾಯಿಪಾಠ ಆಗಿದೆ. ಆದರೆ ಹೊಸ ಬಿಂದುವಿನಲ್ಲಿ ಆ 24 ಫೀಚರ್‌ಗಳ ಚಿಹ್ನೆಗಳು ಬೇರೆ ಥರ ಇರುತ್ತವೆ, ಕೂಡಿ ಕಳೆದು ಉಳಿಯುವುದು 0.12ರ ಆಸುಪಾಸು. ನಾಯ್ಸ್ ಎಲ್ಲಿಗೂ ಹೋಗಿಲ್ಲ, ತೆಳ್ಳಗೆ ಹರಡಿಕೊಂಡಿದೆ ಅಷ್ಟೆ.

ಇಷ್ಟಕ್ಕೇ ನಿಲ್ಲಿಸಿದರೆ ನಿಮ್ಮ “ದೊಡ್ಡದಾದಷ್ಟೂ ಒಳ್ಳೆಯದು” ಸರಿ ಅನ್ನಿಸಿಬಿಡುತ್ತದೆ. ಮೊದಲ ಫೀಚರ್‌ನ ವೇಟ್ ಏನಾಯಿತು ನೋಡಿ: 0.0025. ನಿಜವಾದದ್ದು 1. ನಾಯ್ಸ್ ಜೊತೆ ಕಲಿಯಬೇಕಾದದ್ದೂ ಹರಡಿಹೋಯಿತು. ಅದೇ ಮೊದಲ ಫೀಚರ್‌ನ ಬೆಲೆ 10 ಇದ್ದು, ಉಳಿದವು ±0.5 ಇದ್ದಿದ್ದರೆ? ನಾಯ್ಸ್ ಬದಿಗಿಟ್ಟು ಲೆಕ್ಕ ಹಾಕಿ, ಆ ವೇಟ್ 0.94 ಬರುತ್ತದೆ. ಅಂದರೆ ಕಲಿಯಬೇಕಾದ ವಿಷಯ ಕೆಲವೇ ಬಲವಾದ ದಿಕ್ಕುಗಳಲ್ಲಿ ಇರಬೇಕು, ನಾಯ್ಸ್ ಹೀರಿಕೊಳ್ಳಲು ದುರ್ಬಲ ದಿಕ್ಕುಗಳು ಬೇಕಾದಷ್ಟು ಇರಬೇಕು. ಬಾರ್ಟ್ಲೆಟ್, ಲಾಂಗ್, ಲುಗೋಸಿ, ತ್ಸಿಗ್ಲರ್ 2020ರಲ್ಲಿ ಬಿನೈನ್ ಓವರ್‌ಫಿಟಿಂಗ್, ಅಂದರೆ ಕೆಡುಕು ಮಾಡದ ಬಾಯಿಪಾಠ, ಎಂದು ಕರೆದು ಗಣಿತದಲ್ಲಿ ಬಿಡಿಸಿದ್ದು ಈ ಷರತ್ತನ್ನೇ. ನಿಮ್ಮ ಲೇಖನದಲ್ಲಿ ಈ ಷರತ್ತು ಬಂದೇ ಇಲ್ಲ. ನನಗೆ ಅತಿ ಹೆಚ್ಚು ಬೇಸರವಾದದ್ದು ಅದಕ್ಕೆ.

ಆಮೇಲೆ ಗ್ರಾಫ್. ಎಲ್ಲಿಂದಲೋ ತಂದ ಚಿತ್ರ ಬೇಡ, ನೀವೇ ಬರೆಯಿರಿ. ಶಿಖರದ ಸಂಖ್ಯೆಗಳಿಗೆ ಈ ಪ್ರೋಗ್ರಾಂ ಸಾಕು:

```python
import numpy as np
rng = np.random.default_rng(0)
n = 100
for p in [50, 90, 95, 105, 110, 200, 1000]:
    e = []
    for _ in range(200):
        X = rng.normal(size=(n, p))
        w = np.linalg.pinv(X) @ rng.normal(size=n)
        e.append(w @ w)
    print(p, np.mean(e))
```

ಇಲ್ಲಿ ಡೇಟಾ 100 ಸಾಲು, ಫೀಚರ್‌ಗಳು `p`. ಉತ್ತರದ ಕಾಲಂನಲ್ಲಿ ಬರೀ ನಾಯ್ಸ್ ಇದೆ, ಹಾಗಾಗಿ ಬರುವ ಸಂಖ್ಯೆ ನಾಯ್ಸ್‌ನಿಂದ ಹುಟ್ಟುವ ತಪ್ಪು. ಇದಕ್ಕೆ ಸೂತ್ರವೂ ಇದೆ: `p` ಚಿಕ್ಕದಿದ್ದಾಗ `p/(n-p-1)`, ದೊಡ್ಡದಿದ್ದಾಗ `n/(p-n-1)`. 50ಕ್ಕೆ ಸುಮಾರು 1. 90ಕ್ಕೆ 10, 95ಕ್ಕೆ 24ರ ಹತ್ತಿರ. 105ಕ್ಕೆ 25. ಅಲ್ಲಿಂದ ಇಳಿಮುಖ: 110ಕ್ಕೆ 11, 200ಕ್ಕೆ ಮತ್ತೆ 1, ಸಾವಿರಕ್ಕೆ 0.11. ನಡುವಿನ 100ನ್ನು ಬೇಕಂತಲೇ ಬಿಟ್ಟಿದ್ದೇನೆ, ಅಲ್ಲಿ ಸರಾಸರಿಗೆ ಮಿತಿಯೇ ಇಲ್ಲ, `default_rng` ಒಳಗಿನ ಸಂಖ್ಯೆ ಬದಲಿಸಿದಷ್ಟು ಸಲವೂ ತೀರಾ ಬೇರೆ ಬೇರೆ ಉತ್ತರ ಬರುತ್ತದೆ. ಎಡಗಡೆ ನಡೆದದ್ದು ಹಳೆಯ ಸಿದ್ಧಾಂತ ಹೇಳಿದ ಹಾಗೆಯೇ, ನೋಡಿ. ಅದು ಸುಳ್ಳಾಗಿಲ್ಲ, ಶಿಖರದ ಆಚೆಗೆ ಅದೇ ಗೆರೆ ಎಳೆದದ್ದು ತಪ್ಪಾಯಿತು. ಬೆಲ್ಕಿನ್, ಹ್ಸು, ಮಾ, ಮಂಡಲ್ 2019ರ ತಮ್ಮ ಪ್ರಬಂಧದಲ್ಲಿ ಡಬಲ್ ಡಿಸೆಂಟ್ ಹೆಸರಿಟ್ಟು ತೋರಿಸಿದ್ದು ಈ ಎರಡನ್ನೂ ಒಂದೇ ಚಿತ್ರದಲ್ಲಿ. “ಹಳೆಯದು ಸುಳ್ಳಾಯಿತು” ಎಂಬ ಸಾಲು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ತೆಗೆದುಬಿಡಿ.

ಇದೇ ಸೂತ್ರದಲ್ಲಿ ಇನ್ನೊಂದು ಸೋಜಿಗ ಇದೆ. `p` 110ರಲ್ಲೇ ಇಟ್ಟು ಡೇಟಾ ಜಾಸ್ತಿ ಮಾಡಿ. 50 ಸಾಲಿಗೆ ತಪ್ಪು 0.85, 105 ಸಾಲಿಗೆ 26. ಡೇಟಾ ದುಪ್ಪಟ್ಟಾಯಿತು, ತಪ್ಪು ಮೂವತ್ತು ಪಟ್ಟಾಯಿತು! ನಕ್ಕಿರನ್ ಮತ್ತು ಜೊತೆಗಾರರು 2019ರಲ್ಲಿ ನಿಜವಾದ ನೆಟ್‌ವರ್ಕ್‌ಗಳಲ್ಲೂ ಡೇಟಾ ಹೆಚ್ಚಾದಾಗ ಫಲಿತಾಂಶ ಕೆಡುವ ಸಂದರ್ಭಗಳನ್ನು ತೋರಿಸಿದ್ದಾರೆ. ನಿಮ್ಮ ಲೇಖನಕ್ಕೆ ಇದು ಒಳ್ಳೆಯ ಆರಂಭ ಆಗಬಹುದು.

ನೆಟ್‌ವರ್ಕ್‌ಗೆ ಬಂದಾಗ ಸ್ವಲ್ಪ ಹುಷಾರಾಗಿ ಬರೆಯಿರಿ. ಶಿಖರ ಪ್ಯಾರಾಮೀಟರ್ ಎಣಿಕೆ ಡೇಟಾ ಎಣಿಕೆಗೆ ಸಮವಾದ ಕಡೆಯೇ ಇರಬೇಕೆಂದಿಲ್ಲ. ಟ್ರೈನಿಂಗ್ ತಪ್ಪು ಮೊದಲ ಸಲ ಸೊನ್ನೆಯ ಹತ್ತಿರ ಬರುವ ಗಾತ್ರ ಎಲ್ಲಿದೆಯೋ ಅಲ್ಲಿ ಹುಡುಕಬೇಕು. ಲೇಬಲ್‌ಗಳಲ್ಲಿ ತಪ್ಪು ಬೆರೆಸಿದರೆ ಶಿಖರ ಎದ್ದು ಕಾಣುತ್ತದೆ, ಶುದ್ಧ ಡೇಟಾದಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ವೇಟ್‌ಗಳು ಊದಿಕೊಳ್ಳದಂತೆ ದಂಡ ಹಾಕುವ ರೆಗ್ಯುಲರೈಸೇಶನ್ ಸರಿಯಾದ ಪ್ರಮಾಣದಲ್ಲಿದ್ದರೂ ಶಿಖರ ತಗ್ಗುತ್ತದೆ, ಕೆಲವೊಮ್ಮೆ ಮಾಯವೇ ಆಗುತ್ತದೆ. ಮೇಲಿನ ಲೆಕ್ಕ ಓದಿದವರಿಗೆ ಇದರ ಕಾರಣ ನೀವು ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಹಾಗಂತ “ನೆಟ್‌ವರ್ಕ್ ಕೂಡ ವೇಟ್‌ಗಳ ವರ್ಗಗಳ ಮೊತ್ತವನ್ನೇ ಕಡಿಮೆ ಮಾಡುತ್ತದೆ” ಎಂದು ಬರೆಯಬೇಡಿ. ಆಳವಾದ ನೆಟ್‌ವರ್ಕ್‌ನಲ್ಲಿ ಗ್ರೇಡಿಯೆಂಟ್ ಡಿಸೆಂಟ್ ಯಾವ ಉತ್ತರವನ್ನು ಆರಿಸುತ್ತದೆ ಎಂಬುದು ಇನ್ನೂ ಪೂರ್ತಿ ಬಗೆಹರಿದಿಲ್ಲ, ಹಾಗೆಂದೇ ಬರೆಯಿರಿ.

ಚಾಟ್‌ಬಾಟ್‌ಗಳ ಕುರಿತ ಕೊನೆಯ ಎರಡು ಪುಟ ಪೂರ್ತಿ ತೆಗೆಯಿರಿ, ವಿಷಯಕ್ಕೆ ಸೇರಿದ್ದಲ್ಲ. ಗ್ರಾಫ್‌ನ ಎರಡೂ ಅಕ್ಷಗಳಿಗೆ ಹೆಸರು ಹಾಕಿ, ಟ್ರೈನಿಂಗ್ ತಪ್ಪು ಮತ್ತು ಟೆಸ್ಟ್ ತಪ್ಪು ಎರಡನ್ನೂ ಒಟ್ಟಿಗೆ ಬರೆಯಿರಿ. ಒಂದು ಬಿಂದುವಿನ ಉದಾಹರಣೆ ಬೇಕಾದರೆ ಬಳಸಿ, ಆದರೆ ಸಂಖ್ಯೆಗಳನ್ನು ನೀವೇ ಆರಿಸಿ ಕೈಯಾರೆ ಲೆಕ್ಕ ಮಾಡಿ. ತಿದ್ದಿದ ಪ್ರತಿಯನ್ನು ನನಗೇ ನೇರವಾಗಿ ಕಳಿಸಿ.