ಹಂತದ ಸರಳು: 0.05 ಬರುತ್ತಿರುವುದೇಕೆ?

"ದಾವಣಗೆರೆಯಲ್ಲಿ ಡಿಪ್ಲೊಮಾ ಓದ್ತಿದ್ದೀನಿ. ಒಂದು ಹಂತದ ಸರಳಿನ ಎಡತುದಿ ಎ ಗೋಡೆಗೆ ಬಿಗಿದಿದೆ. ಎ-ಬಿ ಉಕ್ಕು, 500 ಮಿ.ಮೀ. ಉದ್ದ, 1000 ಚದರ ಮಿ.ಮೀ.; ಬಿ-ಸಿ ಅಲ್ಯೂಮಿನಿಯಂ, 350 ಮಿ.ಮೀ., 500 ಚದರ ಮಿ.ಮೀ. ಬಿ ಹತ್ರ 60 ಕಿಲೋನ್ಯೂಟನ್ ಎಡಕ್ಕೆ, ಸಿ ಹತ್ರ 20 ಬಲಕ್ಕೆ. ಸಿ ತುದಿ ಎಷ್ಟು ಸರಿಯುತ್ತೆ ಅಂತ ಕಂಡುಹಿಡಿಬೇಕು. ನನಗೆ 0.05 ಮಿ.ಮೀ. ಬರುತ್ತೆ, ಉತ್ತರ 0.1 ಅಂತಿದೆ. ಯಾಕೆ?"

ಎ-ಬಿ ತುಂಡಿಗೆ ನೇರವಾಗಿ 60 ಹಾಕಿರಬೇಕು. ನಿಮ್ಮ ಲೆಕ್ಕ ನೋಡಿಲ್ಲ, ಆದರೆ ಹಾಗೆ ಮಾಡಿದರೆ 0.05 ಬರುತ್ತೆ. ಸೂತ್ರಕ್ಕೆ ಹೋಗಬೇಕಾದ್ದು ಹೊರಗಿನ ಲೋಡ್ ಅಲ್ಲ, ಆ ತುಂಡಿನ ಒಳಗಿನ ಬಲ.

ಬಿಟ್ಟಿರುವ ತುದಿಯಿಂದ ಶುರು ಮಾಡಿ. ಬಿ-ಸಿಯನ್ನು ಕತ್ತರಿಸಿದಂತೆ ಊಹಿಸಿ ಬಲಭಾಗ ನೋಡಿದರೆ 20 ಮಾತ್ರ, ಎಳೆತ. ಎ-ಬಿಯಲ್ಲಿ ಕತ್ತರಿಸಿದರೆ ಬಲಕ್ಕೆ ಎರಡೂ ಲೋಡ್ ಸಿಗುತ್ತವೆ: 20 − 60 = −40, ಅಂದರೆ ಒತ್ತಡ. ಈಗ ಪ್ರತಿ ತುಂಡಿಗೂ ಅದರದೇ E ಹಾಕಿ (ಉಕ್ಕು 200000, ಅಲ್ಯೂಮಿನಿಯಂ 70000 ನ್ಯೂಟನ್/ಚ.ಮಿ.ಮೀ.):

```
δ = NL/(AE)
BC: 20000×350/(500×70000) = +0.2
AB: −40000×500/(1000×200000) = −0.1
```

ಚಿಹ್ನೆ ಸಮೇತ ಕೂಡಿಸಿದರೆ +0.1 ಮಿ.ಮೀ.; ಸಿ ಬಲಕ್ಕೆ ಸರಿಯುತ್ತೆ. ಕಿಲೋನ್ಯೂಟನ್ ಅನ್ನು ನ್ಯೂಟನ್ ಮಾಡೋದು ಮರೆತರೆ ಉತ್ತರ ಸಾವಿರ ಪಟ್ಟು ಚಿಕ್ಕದಾಗುತ್ತೆ, ತಕ್ಷಣ ಗೊತ್ತಾಗುತ್ತೆ. ಚಿಹ್ನೆ ತಪ್ಪಿದರೆ ಮಾತ್ರ ಗೊತ್ತೇ ಆಗಲ್ಲ.

ಸಿ ತುದಿಯನ್ನೂ ಗೋಡೆಗೆ ಬಿಗಿದಿದ್ದರೆ ಈ ದಾರಿ ಸಾಲದು. ಆಗ ಸಿಯ ಪ್ರತಿಕ್ರಿಯಾ ಬಲವನ್ನು R ಅಂತಿಟ್ಟು, ಒಟ್ಟು δ = 0 ಮಾಡಿ ಮೊದಲು R ಕಂಡುಹಿಡಿಯಿರಿ.